ಎಂಬತ್ತು ಸೆಂಟು ಮಳೆ

ಮಾರ್ಚ್ ಮೊದಲ ವಾರ ಊರಿಗೆ ಹೋದೆ, ಎಷ್ಟೋ ವರ್ಷಗಳ ನಂತರ. ಗೋಣಿಕೊಪ್ಪ ದಾಟಿ ನಮ್ಮ ದಾರಿಗೆ ತಿರುಗಿದ ಕೂಡಲೇ ಕಾಫಿ ಹೂವಿನ ಘಮ ಕಾರಿನೊಳಗೆ ನುಗ್ಗಿತು. ರಸ್ತೆಯ ಎರಡೂ ಬದಿ ರೋಬಸ್ಟಾ ಗಿಡಗಳು ಬೆಳ್ಳಗಾಗಿದ್ದವು.

"ಮಳೆ ಯಾವಾಗ ಬಂತಣ್ಣಾ?" ಅಂತ ಕೇಳಿದೆ.

"ಮಳೆ ಎಲ್ಲಿ ಬಂತು? ಜೆಟ್‌ನಲ್ಲಿ ನೀರು ಹೊಡೆದದ್ದು. ಈಗ ಮಳೆಗೆ ಕಾಯೋರು ಯಾರು?" ಅಂದ.

ನಾನು ಬೆಳೆದ ಮನೆಯಲ್ಲಿ ಎಲ್ಲರೂ ಆಕಾಶ ನೋಡಿಕೊಂಡೇ ಇರುತ್ತಿದ್ದೆವು. ಹೂಮಳೆ ಒಂದು ಇಂಚಾದರೂ ಬೀಳಬೇಕು. ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಹೂ ಬಿಡುತ್ತದೆ. ಅರೆಬರೆ ಮಳೆ ಬಂದರೆ ಮೊಗ್ಗು ಪೂರ್ತಿ ಅರಳದೆ ಹಾಗೇ ಕೆಂಪಾಗಿ ನಿಂತುಬಿಡುತ್ತದೆ. ಹೂ ಅರಳಿದ ದಿನವೇ ಮಳೆ ಹೊಡೆದರೂ ನಷ್ಟ, ಪರಾಗ ತೊಳೆದು ಹೋಗುತ್ತದೆ. ಅದೆಲ್ಲ ಮುಗಿದು ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ ಬರಬೇಕು, ಇಲ್ಲದಿದ್ದರೆ ಕಾಯಿ ನಿಲ್ಲುವುದಿಲ್ಲ.

ಈಗ ಕೆರೆಯ ಪಕ್ಕ ಪಂಪು ಇದೆ. ಒಂದು ಕಡೆ ಮೂರ್ನಾಲ್ಕು ಗಂಟೆ ಜೆಟ್ ತಿರುಗಿದ ಮೇಲೆ ಪೈಪು ಬಿಚ್ಚಿ ಮುಂದಕ್ಕೆ ಹೊರುತ್ತಾರೆ. ಹೊರುವವರು ಅಸ್ಸಾಂ ಹುಡುಗರು. ಲೈನ್ ಮನೆಯಲ್ಲಿ ನನಗೆ ಗೊತ್ತಿರುವ ಒಂದು ಮುಖವೂ ಇರಲಿಲ್ಲ. ಅಣ್ಣ ಅವರ ಜೊತೆ ಸರಾಗವಾಗಿ ಹಿಂದಿ ಮಾತಾಡುತ್ತಾನೆ. ಅವನಿಗೆ ಹಿಂದಿ ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಯಾರೂ ನನ್ನನ್ನು ದೂರ ಇಡಲಿಲ್ಲ. ಕಡಂಬುಟ್ಟು ಮಾಡಿದರು, ಹಂದಿ ಸಾರು ಮಾಡಿದರು, ಬಿಸಿನೀರು ಕಾಯಿಸಿಟ್ಟರು. ನೋವಾದದ್ದು ಅಲ್ಲೇ. ತಟ್ಟೆ ತೊಳೆಯಲು ಹೋದರೆ ಅತ್ತಿಗೆ ಕೈಯಿಂದ ಕಿತ್ತುಕೊಳ್ಳುತ್ತಿದ್ದರು. ತೋಟಕ್ಕೆ ಹೊರಟರೆ "ಜಿಗಣೆ ಇಲ್ಲ ಈಗ, ಆದರೂ ಬೂಟು ಹಾಕ್ಕೊ" ಅನ್ನುತ್ತಿದ್ದರು. ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು "ವಾಪಸ್ ಯಾವಾಗ?" ಅಂತ. ಊಟದ ಹೊತ್ತಿಗೆ ತೋಟದ ಮಾತು ಬಂದರೆ, ನನಗೆ ಬೇಜಾರಾದೀತು ಅಂತ ಅಣ್ಣ ಮಾತು ಬದಲಿಸಿ ಮ್ಯಾಂಚೆಸ್ಟರ್ ಚಳಿ ವಿಚಾರಿಸುತ್ತಿದ್ದ.

ತಿಂಗಳ ಕೊನೆಯಲ್ಲಿ ಒಂದು ಸಂಜೆ ಗುಡುಗಿ ಮಳೆ ಸುರಿಯಿತು. ಅಣ್ಣ ವಿರಾಜಪೇಟೆಗೆ ಹೋಗಿದ್ದ. ನಿಲ್ಲುತ್ತಲೇ ಫೋನ್ ಬಂತು, ಪಕ್ಕದ ತೋಟದ ಮಾವ. "ನಿಮ್ಮಲ್ಲಿ ಎಷ್ಟು?"

ಅಪ್ಪ ಇದ್ದಾಗ ಮಳೆ ಅಳೆಯುವುದು ನನ್ನ ಕೆಲಸವಾಗಿತ್ತು. ಕಣದ ಪಕ್ಕ ಅದೇ ಮಳೆಮಾಪಕ ಇತ್ತು. ಫನಲ್ ತೆಗೆದೆ, ಒಳಗಿನ ಬಾಟಲಿಯ ನೀರನ್ನು ಅಳತೆ ಗಾಜಿಗೆ ಸುರಿದೆ. ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ನೀರಿನ ಮೇಲ್ಮೈ ನಡುವೆ ತಗ್ಗುವ ಜಾಗ ಯಾವ ಗೆರೆಗೆ ಬರುತ್ತದೆ ಅಂತ ನೋಡಿದೆ. ಎಂಬತ್ತು. ನೂರು ಸೆಂಟಿಗೆ ಒಂದು ಇಂಚು.

"ಎಂಬತ್ತು ಸೆಂಟು" ಅಂದೆ. ಅತ್ತಿಗೆ ಟಾರ್ಚ್ ಹಿಡಿದು ಬಂದರು, "ತಾ ನೋಡುವಾ" ಅಂತ ಗಾಜು ಇಸಕೊಂಡು ಇನ್ನೊಮ್ಮೆ ನೋಡಿದರು. "ಹೌದು, ಎಂಬತ್ತೇ." ಆಮೇಲೆ ಫೋನ್ ತಗೊಂಡು ಅವರೇ ಮಾವನಿಗೆ ಹೇಳಿದರು.

ಅವರ ಮೇಲೆ ಕೋಪ ಬರಲಿಲ್ಲ. ಆ ಸಂಖ್ಯೆಯ ಮೇಲೆ ಒಂದು ವರ್ಷದ ಫಸಲು ನಿಂತಿರುತ್ತದೆ. ತಿಂಗಳ ರಜೆಗೆ ಬಂದವಳ ಮಾತು ನಂಬಿ ಸುಮ್ನೆ ಇರಲಿಕ್ಕೆ ಆಗುತ್ತದಾ? ಆದರೆ ಅಂಗಳದ ಕತ್ತಲಲ್ಲಿ ಕೈ ಖಾಲಿ ಮಾಡಿಕೊಂಡು ನಿಂತಾಗ, ಈ ಮನೆ ನಾನಿಲ್ಲದೆ ಚೆನ್ನಾಗಿ ನಡೆಯುವುದನ್ನು ಕಲಿತಿದೆ ಅಂತ ಸ್ಪಷ್ಟವಾಗಿ ಗೊತ್ತಾಯಿತು.

ರಾತ್ರಿ ಅಣ್ಣ ಬಂದ ಮೇಲೆ ಲೆಕ್ಕಾಚಾರ ಶುರುವಾಯಿತು. ಕೆಳಗಿನ ತೋಟ ಹೂ ಮುಗಿಸಿತ್ತು, ಅದಕ್ಕೆ ಈ ಮಳೆ ಒಳ್ಳೆಯ ಬ್ಯಾಕಿಂಗ್. ತೊಂದರೆ ಇದ್ದದ್ದು ಮೇಲಿನ ಏರಿನಲ್ಲಿ. ಎರಡಕ್ಕೂ ಸಾಲುವಷ್ಟು ನೀರು ಕೆರೆಯಲ್ಲಿಲ್ಲ ಅಂತ ಅಲ್ಲಿಗೆ ಜೆಟ್ ಹಾಕಿರಲಿಲ್ಲ. ಮೊಗ್ಗು ಬಲಿತು ನಿಂತಿತ್ತು, ಎಂಬತ್ತು ಸೆಂಟು ಸಾಲದೆ ಹೋದರೆ ಕೆಂಪಾಗುವ ಭಯ.

"ಕೆಳಗಿನ ಬ್ಯಾಕಿಂಗ್‌ಗೆ ಅಂತ ಇಟ್ಟ ನೀರು ಈಗ ಉಳೀತಲ್ವಾ? ಅದನ್ನು ನಾಳೆಯೇ ಮೇಲಕ್ಕೆ ಹೊಡೆದರೆ?" ಅಂದೆ.

ಅಣ್ಣ ನನ್ನ ಮುಖ ನೋಡಿದ. "ನಾನೂ ಅದೇ ಯೋಚಿಸ್ತಿದ್ದೆ. ಆದರೆ ಡೀಸೆಲ್ ಜಾಸ್ತಿ ಬೇಕು, ಏರು ಅಲ್ವಾ," ಅಂದ. ಆಮೇಲೆ ಎಷ್ಟು ಲೀಟರ್, ಎಷ್ಟು ಪೈಪು ಅಂತ ನನ್ನೆದುರೇ ಲೆಕ್ಕ ಹಾಕಿದ. ಆ ರಾತ್ರಿ ಯಾರೂ ಮ್ಯಾಂಚೆಸ್ಟರ್ ಹೆಸರೆತ್ತಲಿಲ್ಲ.

ಮೇಲಿನ ತೋಟ ಅರಳುವಷ್ಟರಲ್ಲಿ ರಜೆ ಮುಗಿದು ನಾನು ಇಲ್ಲಿ ವಾರ್ಡಿನ ಡ್ಯೂಟಿಗೆ ಬಂದಿದ್ದೆ. ಅಣ್ಣ ಹೂವಿನ ಫೋಟೋ ಕಳಿಸಿದ. ಚೆನ್ನಾಗಿದೆ, ಆದರೆ ಅದಕ್ಕೆ ಬ್ಯಾಕಿಂಗ್ ಬಂತಾ, ಎಷ್ಟು ಸೆಂಟು ಬಂತು, ಅದನ್ನು ಬರೆದು ಕಳಿಸು ಅಂತ ಕೇಳಿದ್ದೇನೆ.