ನಾಲ್ಕನೆಯದು ಮೂರನೆಯದಕ್ಕಿಂತ ಮೊದಲು ಬರುವುದಿಲ್ಲ

"ಡಾಕ್ಟ್ರೇ, ಮಗನ ಮೊಣಕೈಯ ಎಕ್ಸ್‌ರೇ ವಾಟ್ಸ್ಆ್ಯಪ್ ಮಾಡಿದ್ದೇನೆ. ಗೆರೆ ಏನೂ ಕಾಣ್ತಾ ಇಲ್ಲ. ಮುರಿದಿಲ್ಲ ಅಲ್ವಾ?"

ಗೊತ್ತಿಲ್ಲ ಮಾರಾಯ್ರೇ. ನೀವು ಕಳಿಸಿದ್ದು ಕಿಟಕಿಗೆ ಹಿಡಿದ ಫಿಲ್ಮಿನ ಫೋಟೋ. ಅದರಲ್ಲಿ ನಿಮ್ಮ ಹೆಬ್ಬೆರಳು ಚೆನ್ನಾಗಿ ಕಾಣುತ್ತದೆ, ಹಿಂದಿನ ಅಡಿಕೆ ತೋಟವೂ ಕಾಣುತ್ತದೆ. ಮೊಣಕೈ ಮಾತ್ರ ಮಂಜು.

ನನಗೆ ಸಿಟ್ಟು ಬರುವುದು ಫೋಟೋ ನೋಡಿ ಅಲ್ಲ, ಆ 'ಅಲ್ವಾ' ಕೇಳಿ. ಉತ್ತರ ನೀವೇ ಬರೆದಿಟ್ಟಿದ್ದೀರಿ, ನನ್ನ ಸಹಿ ಮಾತ್ರ ಬಾಕಿ. ಬದಿಯಡ್ಕದಿಂದ ಕುಂಬಳೆವರೆಗೆ ಎಲ್ಲರೂ ಹೀಗೇ ಕೇಳುತ್ತಾರೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದವರು, ಬೇಸಿಗೆ ರಜೆಯಲ್ಲಿ ಗೇರು ಮರದಿಂದ ಬಿದ್ದವರು. ಎಲ್ಲರೂ ಹುಡುಕುವುದು ಗೆರೆಯನ್ನು. ಮಕ್ಕಳ ಮೊಣಕೈಯಲ್ಲಿ ಗೆರೆ ಎಷ್ಟೋ ಸಲ ಕಾಣುವುದೇ ಇಲ್ಲ.

ಹಾಗಾದರೆ ನಾನು ನೋಡುವುದೇನು? ಮೊದಲು ಕೊಬ್ಬು. ನಗಬೇಡಿ. ಮೊಣಕೈ ಸಂದಿಯ ಸುತ್ತ ಒಂದು ಚೀಲ ಇರುತ್ತದೆ. ಆ ಚೀಲದ ಪದರಗಳ ನಡುವೆ ಮುಂದೊಂದು, ಹಿಂದೊಂದು ಕೊಬ್ಬಿನ ತುಂಡು. ಎಕ್ಸ್‌ರೇಯಲ್ಲಿ ಕೊಬ್ಬು ಮಾಂಸಕ್ಕಿಂತ ಕಪ್ಪಾಗಿ ಕಾಣುತ್ತದೆ. ಮುಂದಿನದು ಮೂಳೆಗೆ ಅಂಟಿಕೊಂಡ ತೆಳು ಕಪ್ಪು ಪಟ್ಟಿಯ ಹಾಗೆ ಕಂಡರೆ ತೊಂದರೆ ಇಲ್ಲ. ಹಿಂದಿನದು ತೋಳಿನ ಮೂಳೆಯ ಹಿಂದಿರುವ ಗುಳಿಯಲ್ಲಿ ಅಡಗಿರುತ್ತದೆ, ಕಾಣಲೇಬಾರದು. ಒಳಗೆ ಮೂಳೆ ಬಿರುಕು ಬಿಟ್ಟರೆ ಚೀಲದಲ್ಲಿ ರಕ್ತ ತುಂಬುತ್ತದೆ. ತುಂಬಿದ ರಕ್ತ ಕೊಬ್ಬನ್ನು ಹೊರಗೆ ತಳ್ಳುತ್ತದೆ. ಆಗ ಮುಂದಿನದು ಗಾಳಿ ತುಂಬಿದ ದೋಣಿಯ ಹಾಯಿಯಂತೆ ಉಬ್ಬುತ್ತದೆ, ಹಿಂದಿನದು ಗುಳಿಯಿಂದ ಇಣುಕುತ್ತದೆ.

ಈ ಹಿಂದಿನ ಕೊಬ್ಬು ಕಂಡಿತು, ಆದರೆ ಗೆರೆ ಎಲ್ಲೂ ಇಲ್ಲ. ಆಗ? 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ 45 ಮಕ್ಕಳನ್ನು ಕೆಲವು ವಾರ ಬಿಟ್ಟು ಮತ್ತೆ ನೋಡಿದರು. 34 ಮಕ್ಕಳಲ್ಲಿ ಮೂಳೆ ಮುರಿದದ್ದೇ ಆಗಿತ್ತು. ಹೆಚ್ಚಿನವು ಮೊಣಕೈಗಿಂತ ಸ್ವಲ್ಪ ಮೇಲೆ, ತೋಳಿನ ಮೂಳೆ ತೆಳ್ಳಗಾಗುವ ಜಾಗದಲ್ಲಿ. ಹಾಗಾಗಿ ಹಿಂದಿನ ಕೊಬ್ಬು ಕಂಡರೆ ಮುರಿದಿದೆ ಅಂತಲೇ ಲೆಕ್ಕ. ಕೈಗೆ ಪಟ್ಟಿ ಕಟ್ಟಿ, ಒಂದೆರಡು ವಾರ ಬಿಟ್ಟು ಮತ್ತೊಂದು ಎಕ್ಸ್‌ರೇ. ಅಷ್ಟರಲ್ಲಿ ಹೊಸ ಮೂಳೆ ಕೂಡತೊಡಗಿ ಗುಟ್ಟು ರಟ್ಟಾಗುತ್ತದೆ.

ಇದಕ್ಕೆ ಒಂದು ಷರತ್ತಿದೆ. ಕೈ 90 ಡಿಗ್ರಿ ಮಡಚಿರಬೇಕು, ಎಕ್ಸ್‌ರೇ ಸರಿಯಾಗಿ ಪಕ್ಕದಿಂದಲೇ ತೆಗೆದಿರಬೇಕು. ಕೈ ನೆಟ್ಟಗಿದ್ದರೆ ಮೊಣಕೈ ತುದಿಯ ಮೂಳೆ ಆ ಗುಳಿಯೊಳಗೆ ಹೋಗಿ ಕೊಬ್ಬನ್ನು ಸುಮ್ನೆ ಹೊರದೂಡುತ್ತದೆ. ಏನೂ ಆಗದ ಕೈಯಲ್ಲೂ ಅದು ಕಾಣುತ್ತದೆ. ಅಳುವ ಮಗುವಿನ ಕೈಯನ್ನು ಹಾಗೆ ಮಡಚಿ ಹಿಡಿಯುವ ಟೆಕ್ನಿಷಿಯನ್ನರಿಗೆ ನೀವು ಯಾರೂ ಥ್ಯಾಂಕ್ಸ್ ಹೇಳಿದ್ದು ನಾನು ಕಂಡಿಲ್ಲ.

ಈಗ ನನ್ನದೇ ಕಥೆ. ನಾನಿನ್ನೂ ಕಲಿಯುತ್ತಿದ್ದ ಕಾಲ. ಎಂಟು ವರ್ಷದ ಹುಡುಗ, ಗೇರು ಮರದಿಂದ ಬಿದ್ದಿದ್ದ. ಮೊಣಕೈ ಜಾರಿ ಸೊಟ್ಟಗಾಗಿತ್ತಂತೆ. ಸೋದರಮಾವ ಅಲ್ಲೇ ಎಳೆದು 'ಟಕ್' ಅಂತ ಕೂರಿಸಿದ್ದರು. ಮರುದಿನ ಬಂದರು. ಮಾವನ ಮುಖದಲ್ಲಿ ಹೆಮ್ಮೆ. ನಾನು ಫಿಲ್ಮ್ ನೋಡಿದೆ. ಸಂದಿ ಕೂತಿದೆ, ಗೆರೆ ಇಲ್ಲ, ಹಿಂದಿನ ಕೊಬ್ಬೂ ಕಾಣುವುದಿಲ್ಲ. ಮೂರು ಚುಕ್ಕಿ ಮೂಳೆ ಎಣಿಸಿದೆ, 'ನಾರ್ಮಲ್' ಅಂತ ಬರೆದೆ. ಕೊಬ್ಬಿನಲ್ಲೂ ಚುಕ್ಕಿಯಲ್ಲೂ ಮೋಸ ಹೋಗಿದ್ದೆ.

ಚುಕ್ಕಿ ಮೂಳೆ ಅಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಹುಟ್ಟಿದ ಮಗುವಿನ ಮೊಣಕೈ ತುದಿಗಳೆಲ್ಲ ಎಳನೀರಿನ ಗಂಜಿಯ ಹಾಗೆ ಮೆದು. ಎಕ್ಸ್‌ರೇಗೆ ಅದು ಕಾಣುವುದಿಲ್ಲ. ವರ್ಷ ಕಳೆದಂತೆ ಅದರೊಳಗೆ ಒಂದೊಂದೇ ಚುಕ್ಕಿ ಗಟ್ಟಿಯಾಗುತ್ತದೆ, ಒಟ್ಟು ಆರು. ಸುಮಾರು ಒಂದು ವರ್ಷಕ್ಕೆ ಹೊರಬದಿಯ ಉರುಟು ಕ್ಯಾಪಿಟೆಲ್ಲಮ್. ಮೂರಕ್ಕೆ ಅದರೆದುರು ಮುಂಗೈಯ ರೇಡಿಯಸ್ ಮೂಳೆಯ ತಲೆ. ಐದಕ್ಕೆ ಒಳಬದಿಯ ಗಂಟು, ಅಂದರೆ ಪಕ್ಕೆಗೆ ಒತ್ತಿಕೊಳ್ಳುವ ಕಡೆ ಕೈಗೆ ಸಿಗುವ ಉಬ್ಬು. ಏಳರ ಹೊತ್ತಿಗೆ ಅದರ ಕೆಳಗೆ ಟ್ರಾಕ್ಲಿಯಾ. ಒಂಬತ್ತಕ್ಕೆ ಮೊಣಕೈ ತುದಿ, ಹನ್ನೊಂದಕ್ಕೆ ಹೊರಬದಿಯ ಗಂಟು. ವರ್ಷ ಹಿಂದೆ ಮುಂದೆ ಆಗುತ್ತದೆ, ಹುಡುಗಿಯರಲ್ಲಿ ಬೇಗ. ವರ್ಷ ಮರೆತರೂ ಪರವಾಗಿಲ್ಲ, ಸಾಲು ಮರೆಯಬಾರದು. ಒಳಗಂಟು ಮೂರನೆಯದು, ಟ್ರಾಕ್ಲಿಯಾ ನಾಲ್ಕನೆಯದು.

ನಾನು ಎಣಿಸಿದ ಮೂರು ಯಾವುವು? ಕ್ಯಾಪಿಟೆಲ್ಲಮ್, ರೇಡಿಯಸ್ ತಲೆ, ಮತ್ತೆ 'ಟ್ರಾಕ್ಲಿಯಾ'. ಸೀನಿಯರ್ ಬಂದರು, ಫಿಲ್ಮನ್ನು ಬೆಳಕಿಗೆ ಹಿಡಿದರು. "ನಾಲ್ಕನೆಯವನು ಬಂದು ಕೂತಿದ್ದಾನೆ. ಮೂರನೆಯವನು ಎಲ್ಲಿ?" ಅಂದರು. ನನಗೆ ಬೆವರು. ಒಳಬದಿಯ ಉಬ್ಬಿನ ಜಾಗ ಖಾಲಿ ಇತ್ತು.

ಮುಂಗೈಯ ಸ್ನಾಯುಗಳು, ಒಳಬದಿಯ ಲಿಗಮೆಂಟು ಎಲ್ಲ ಅಂಟಿರುವುದು ಆ ಗಂಟಿಗೆ. ಮೊಣಕೈ ಜಾರುವಾಗ ಅವು ಗಂಟನ್ನೇ ಕಿತ್ತು ಎಳೆದಿದ್ದವು. ಬಾಯ್ತೆರೆದ ಸಂದಿಯೊಳಗೆ ಅದು ನುಗ್ಗಿತು. ಮಾವ 'ಟಕ್' ಅನ್ನಿಸಿದಾಗ ಒಳಗೇ ಸಿಕ್ಕಿಬಿತ್ತು, ಸರಿಯಾಗಿ ಟ್ರಾಕ್ಲಿಯಾ ಬರಬೇಕಾದ ಜಾಗದಲ್ಲಿ. ಇನ್ನೊಂದು ಕೈಯ ಎಕ್ಸ್‌ರೇ ತೆಗೆಸಿದೆವು. ಅಲ್ಲಿ ಒಳಗಂಟು ತನ್ನ ಜಾಗದಲ್ಲಿತ್ತು, ಟ್ರಾಕ್ಲಿಯಾ ಇನ್ನೂ ಹುಟ್ಟಿರಲೇ ಇಲ್ಲ.

ಕೊಬ್ಬು ಯಾಕೆ ಸುಳ್ಳು ಹೇಳಿತು? ಅದು ಸುಳ್ಳು ಹೇಳಲಿಲ್ಲ. ಮೊಣಕೈ ಜಾರಿದಾಗ ಚೀಲವೇ ಹರಿದಿತ್ತು. ಹರಿದ ಚೀಲದಲ್ಲಿ ರಕ್ತ ನಿಲ್ಲುವುದಿಲ್ಲ, ಕೊಬ್ಬು ಏಳುವುದಿಲ್ಲ. ಸಾಲದ್ದಕ್ಕೆ ಆ ವಯಸ್ಸಿಗೆ ಒಳಗಂಟು ಚೀಲದ ಹೊರಗೇ ಇರುತ್ತದೆ. ಅದೊಂದೇ ಕಿತ್ತು ಬಂದರೂ ಚೀಲ ತುಂಬಬೇಕೆಂದಿಲ್ಲ. ಕೊಬ್ಬು ಎದ್ದಿದ್ದರೆ ಹೆದರಿ. ಏಳದಿದ್ದರೆ ಹಾಯಾಗಿರಿ ಅಂತ ಮಾತ್ರ ಯಾರೂ ಹೇಳಿಲ್ಲ.

ಫಿಲ್ಮ್ ಬಿಟ್ಟು ಹುಡುಗನನ್ನು ನೋಡಿದ್ದರೂ ಸಾಕಿತ್ತು. ಕೈ ಪೂರ್ತಿ ಬಿಡಿಸಲು ಆಗುತ್ತಿರಲಿಲ್ಲ. ಕಿರುಬೆರಳು ಜೋಮು ಹಿಡಿದಿದೆ ಅಂತ ಅವನೇ ಹೇಳಿದ್ದ. ಆ ಬೆರಳಿಗೆ ಹೋಗುವ ಅಲ್ನಾರ್ ನರ ಒಳಗಂಟಿನ ಹಿಂದೆಯೇ ಹಾದುಹೋಗುತ್ತದೆ. ನಾನು ಕೇಳಿಸಿಕೊಂಡಿದ್ದೆ, ಬರೆದುಕೊಂಡಿರಲಿಲ್ಲ. ಆಪರೇಷನ್ ಮಾಡಿ ಗಂಟನ್ನು ಹೊರತೆಗೆದು ಅದರ ಜಾಗದಲ್ಲಿ ತಂತಿ ಹಾಕಿ ಕೂರಿಸಿದರು. ಜೋಮು ಹೋಯಿತು. ಕೈ ಕೊನೆಯ ಸ್ವಲ್ಪ ಬಿಡಿಸಲು ಬರುವುದಿಲ್ಲ ಅಂತ ಅವರಮ್ಮ ಆಮೇಲೆ ಹೇಳಿದರು.

ಅದಕ್ಕೇ, "ಮುರಿದಿಲ್ಲ ಅಲ್ವಾ" ಅನ್ನುವ ಬದಲು "ಇವನ ವಯಸ್ಸಿಗೆ ಇರಬೇಕಾದ್ದೆಲ್ಲ ತನ್ನ ಜಾಗದಲ್ಲಿ ಇದೆಯಾ" ಅಂತ ಒಬ್ಬರಾದರೂ ಕೇಳಿ. ಸಂತೋಷದಿಂದ ಹೇಳುತ್ತೇನೆ. ನಾಲ್ಕು ವರ್ಷದ ಮಗುವಾದರೆ ಅದೂ ಕಷ್ಟ, ಒಳಗಂಟೇ ಇನ್ನೂ ಮೂಡಿರುವುದಿಲ್ಲ. ಹತ್ತು ವರ್ಷದವನ ಟ್ರಾಕ್ಲಿಯಾ ಉದುರಿದ ಅವಲಕ್ಕಿಯ ಹಾಗೆ ಚೂರುಚೂರಾಗಿ ಕಂಡರೆ ಗಾಬರಿ ಬೇಡ, ಅದು ಬೆಳೆಯುವುದೇ ಹಾಗೆ.

ನೀವು ಕಳಿಸಿದ್ದರಲ್ಲಿ ಪಕ್ಕದಿಂದ ತೆಗೆದದ್ದು ಇಲ್ಲ. ಎರಡೂ ಫಿಲ್ಮ್ ಹಿಡಿದು ಮಗುವಿನ ಜೊತೆ ಬನ್ನಿ. ಅಷ್ಟರವರೆಗೆ ಯಾರೂ ಎಳೆಯುವುದು ಬೇಡ, ಎಣ್ಣೆ ತಿಕ್ಕುವುದೂ ಬೇಡ. ಸೋದರಮಾವನಿಗೆ ವಿಶೇಷವಾಗಿ ಹೇಳಿ.