ಬೀನ್ಸ್ ಬಳ್ಳಿಯ ಟೈಮ್‌ಲ್ಯಾಪ್ಸ್: ಐದು ನಿಮಿಷಕ್ಕೊಂದು ಫೋಟೋ ಯಾಕೆ?

"ಬಳ್ಳಿ ಬೆಳೆಯೋ ಟೈಮ್‌ಲ್ಯಾಪ್ಸ್ ನಾನೂ ಮಾಡಿದೆ. ಬಳ್ಳಿ ಚಳಿಜ್ವರ ಬಂದ ಹಾಗೆ ನಡುಗುತ್ತೆ, ಬೆಳಕು ಮಿಣಮಿಣ ಅನ್ನುತ್ತೆ. ಎಷ್ಟು ಹೊತ್ತಿಗೊಂದು ಫೋಟೋ ತೆಗೀಬೇಕು ಹೇಳಿ."

ಬಳ್ಳಿ ಬೀನ್ಸ್ ಆದರೆ ಐದು ನಿಮಿಷಕ್ಕೊಂದು. ನಾನೂ ಮೊದಲ ಸಲ ಗಂಟೆಗೊಂದು ಅಂತ ಇಟ್ಟು ಕೆಟ್ಟೆ. ದಿನಕ್ಕೆ ಒಂದೆರಡು ಇಂಚು ಬೆಳೆಯುವ ಗಿಡಕ್ಕೆ ಗಂಟೆಗೊಂದು ಫೋಟೋ ಧಾರಾಳ ಅಂದುಕೊಂಡಿದ್ದೆ. ಆದರೆ ಬೀನ್ಸ್ ಬಳ್ಳಿ ಸುಮ್ನೆ ನೆಟ್ಟಗೆ ಬೆಳೆಯುವುದಿಲ್ಲ. ಅದರ ತುದಿ ಆಸರೆ ಹುಡುಕುತ್ತಾ ಗಾಳಿಯಲ್ಲಿ ವೃತ್ತ ಹಾಕುತ್ತದೆ. ಒಂದು ಸುತ್ತಿಗೆ ಸುಮಾರು ಎರಡು ಗಂಟೆ. ಗಂಟೆಗೊಂದು ಫೋಟೋ ತೆಗೆದರೆ ಒಂದರಲ್ಲಿ ತುದಿ ಎಡಕ್ಕಿರುತ್ತದೆ, ಮುಂದಿನದರಲ್ಲಿ ಬಲಕ್ಕೆ, ಮತ್ತೆ ಎಡಕ್ಕೆ. ನೀವು ನೋಡಿದ ನಡುಕ ಅದೇ. ಇನ್ನೂ ತಮಾಷೆ ಏನೆಂದರೆ, ಒಂದು ಮುಕ್ಕಾಲು ಗಂಟೆಗೊಂದು ತೆಗೆದರೆ ಬಳ್ಳಿ ನಿಧಾನವಾಗಿ ಹಿಂದಕ್ಕೆ ಸುತ್ತಿದಂತೆ ಕಾಣುತ್ತದೆ. ಸಿನಿಮಾದಲ್ಲಿ ಜೀಪಿನ ಚಕ್ರ ಹಿಂದಕ್ಕೆ ತಿರುಗುತ್ತದಲ್ಲ, ಹಾಗೆ.

ಹಾಗಾಗಿ ಗಿಡ ಎಷ್ಟು ಬೆಳೆಯುತ್ತದೆ ಎಂದು ನೋಡಬೇಡಿ. ಅದರ ಯಾವ ಚಲನೆ ಎಲ್ಲಕ್ಕಿಂತ ವೇಗದ್ದು ಎಂದು ನೋಡಿ. ಐದು ನಿಮಿಷಕ್ಕೊಂದು ಅಂದರೆ ಎರಡು ಗಂಟೆಯ ಸುತ್ತಿಗೆ 24 ಫೋಟೋ ಆಯಿತು. ಸೆಕೆಂಡಿಗೆ 24 ಫ್ರೇಮಿನ ವಿಡಿಯೋದಲ್ಲಿ ಬಳ್ಳಿ ಸೆಕೆಂಡಿಗೊಂದು ಸುತ್ತು ಹಾಕುತ್ತದೆ. ಕಣ್ಣಿಗೆ ಹಿತವಾದ ವೇಗ. ಹತ್ತು ನಿಮಿಷಕ್ಕೊಂದು ತೆಗೆದರೆ ಅರ್ಧ ಸೆಕೆಂಡಿಗೇ ಒಂದು ಸುತ್ತು, ಗಡಿಬಿಡಿ ಜಾಸ್ತಿ. ಐದು ನಿಮಿಷದ ಲೆಕ್ಕದಲ್ಲಿ ದಿನಕ್ಕೆ 288 ಫೋಟೋ, ಅಂದರೆ 12 ಸೆಕೆಂಡು ವಿಡಿಯೋ. ನಾನು ಆರು ದಿನ ತೆಗೆದೆ: 1728 ಫೋಟೋ, 72 ಸೆಕೆಂಡು. ಮಳೆಗಾಲದ ಥಂಡಿಯಲ್ಲಿ ಸುತ್ತು ಇನ್ನೂ ನಿಧಾನ ಆಗಬಹುದು. ಒಂದು ಮಧ್ಯಾಹ್ನ ಗಡಿಯಾರ ಇಟ್ಟುಕೊಂಡು ಕೂತು ಅಳೆದು ನೋಡಿ, ನಿಮ್ಮ ಬಳ್ಳಿಯ ಲೆಕ್ಕ ಸಿಗುತ್ತದೆ.

ಬೀಜ ಹಾಕಿದ ದಿನದಿಂದ ಕ್ಯಾಮೆರಾ ಕಟ್ಟಿಹಾಕಬೇಡಿ. ಮೊದಲ ಎರಡು ವಾರ ಕುಂಡ ಜಗಲಿಯಲ್ಲೇ ಇರಲಿ. ಮೂರೆಲೆಯ ಚಿಗುರು ಬಿಟ್ಟು, ತುದಿ ಉದ್ದಕ್ಕೆ ಎಳೆಯಲು ಶುರು ಮಾಡಿದಾಗ ಒಳಗೆ ತನ್ನಿ. ಬೀಜ ಕೊಳ್ಳುವಾಗಲೇ ಬಳ್ಳಿ ಜಾತಿಯದ್ದೇ ಎಂದು ಕೇಳಿಕೊಳ್ಳಿ. ಗಿಡ್ಡ ಬೀನ್ಸ್ ಈ ಆಟ ಆಡುವುದಿಲ್ಲ.

ಇನ್ನು ಮಿಣುಕು. ಇದಕ್ಕೆ ಒಂದೇ ಕಾರಣ ಅಲ್ಲ, ಅದೇ ಕಷ್ಟ. ನನ್ನ ಮೊದಲ ಪ್ರಯತ್ನ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ, ಆಗಸ್ಟ್ ತಿಂಗಳಲ್ಲಿ, ಕಿಟಕಿ ಪಕ್ಕ. ಮಲೆನಾಡಿನ ಆಗಸ್ಟ್ ಹೇಗೆ ಅಂತ ಗೊತ್ತಲ್ಲ. ಒಂದು ಕ್ಷಣ ಬಿಸಿಲು, ಮರುಕ್ಷಣ ಕತ್ತಲು. ಅದನ್ನು ಯಾವ ಸೆಟಿಂಗೂ ಸರಿ ಮಾಡಲ್ಲ. ಕಿಟಕಿಗೆ ಕಪ್ಪು ಕಂಬಳಿ ಕಟ್ಟಿ, ಎಲ್‌ಇಡಿ ಬೆಳಕಿನಲ್ಲಿ ತೆಗೆಯುವುದೇ ದಾರಿ. ಆರೂ ದಿನ, ಹಗಲು ರಾತ್ರಿ, ಒಂದೇ ಬೆಳಕು. ಬಳ್ಳಿ ಸ್ವಲ್ಪ ಸಣಕಲಾಗುತ್ತದೆ, ಆದರೆ ಆರು ದಿನಕ್ಕೆ ಸಾಯುವುದಿಲ್ಲ. ರಾತ್ರಿಯೂ ದೀಪ ಉರಿದರೂ ಎಲೆಗಳು ತಮ್ಮ ಹೊತ್ತಿಗೆ ಕೆಳಗೆ ಬಾಗಿ, ಬೆಳಗ್ಗೆ ಮತ್ತೆ ಏಳುವುದನ್ನು ನೋಡುತ್ತೀರಿ. ಅದಕ್ಕೆ ಒಳಗೇ ಗಡಿಯಾರ ಇದೆ.

"ಎಂತ ಮಾರಾಯ, ದೇವರ ಮನೆ ನಂದಾದೀಪಕ್ಕಿಂತ ನಿನ್ನ ಬೀನ್ಸ್ ದೀಪವೇ ಜೋರಾಯ್ತಲ್ಲ" ಅಂತ ಅಮ್ಮ ಆಡಿಕೊಂಡಳು.

ಎರಡನೇ ಪ್ರಯತ್ನದಲ್ಲಿ ಸಾಮಾನ್ಯ ಎಲ್‌ಇಡಿ ಬಲ್ಬು ಹಾಕಿದೆ. ಕೆಲವು ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬಂತು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಶಟರ್ 1/500ಕ್ಕೆ ಇಟ್ಟರೆ ಒಮ್ಮೆ ಏರಿದ್ದು ಸಿಗುತ್ತದೆ, ಒಮ್ಮೆ ಇಳಿದದ್ದು. ಅರ್ಧ ಸೆಕೆಂಡು ಇಟ್ಟರೆ ಐವತ್ತು ಏರಿಳಿತ ಒಟ್ಟಾಗಿ ಸೇರುತ್ತವೆ, ಫೋಟೋದಿಂದ ಫೋಟೋಕ್ಕೆ ವ್ಯತ್ಯಾಸ ಉಳಿಯುವುದಿಲ್ಲ. ಬಳ್ಳಿ ಅರ್ಧ ಸೆಕೆಂಡಿನಲ್ಲಿ ಎಲ್ಲಿಗೂ ಓಡಲ್ಲ, ಫ್ಯಾನ್ ಮಾತ್ರ ಆರಿಸಿ.

ಅಷ್ಟರಲ್ಲಿ ಕರೆಂಟು ಹೋಯಿತು. ಒಂದು ಗಂಟೆಯಲ್ಲ, ಒಂದು ರಾತ್ರಿ. ಮೂರನೇ ಸಲ 12 ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು ಬ್ಯಾಟರಿಗೆ ಸೇರಿಸಿ, ಬ್ಯಾಟರಿಗೆ ಚಾರ್ಜರ್ ಹಾಕಿಟ್ಟೆ. ಹತ್ತು ವ್ಯಾಟಿನ ಪಟ್ಟಿಗೆ 7 ಆಂಪಿಯರ್-ಅವರ್ ಬ್ಯಾಟರಿ ಐದಾರು ಗಂಟೆ ಬರುತ್ತದೆ. ಆದರೆ ಇಲ್ಲೊಂದು ಕಳ್ಳ ಇದ್ದಾನೆ. ಚಾರ್ಜ್ ಆಗುವಾಗ ಬ್ಯಾಟರಿ ಹದಿಮೂರುವರೆ ವೋಲ್ಟಿನ ಹತ್ತಿರ ಇರುತ್ತದೆ, ಖಾಲಿಯಾಗುತ್ತಾ ಹನ್ನೊಂದರ ಹತ್ತಿರಕ್ಕೆ ಇಳಿಯುತ್ತದೆ. ಪಟ್ಟಿಯ ಬೆಳಕೂ ಜೊತೆಗೇ ಇಳಿಯುತ್ತದೆ. ಕರೆಂಟು ಬಂದ ಕೂಡಲೇ ಧಗ್ ಅಂತ ಏರುತ್ತದೆ. ನಡುವೆ ವೋಲ್ಟೇಜ್ ಇಳಿಸಿ ಒಂದೇ ಮಟ್ಟದಲ್ಲಿ ಹಿಡಿಯುವ ಒಂದು ಬಕ್ ಕನ್ವರ್ಟರ್ ಹಾಕಿ 10 ವೋಲ್ಟಿಗೆ ಕಟ್ಟಿದೆ. ಬೆಳಕು ತುಸು ಕಡಿಮೆಯಾಯಿತು, ಆದರೆ ಆರು ದಿನ ಒಂದೇ ಸಮ ಇತ್ತು.

ಕ್ಯಾಮೆರಾದಲ್ಲಿ 'ಆಟೋ' ಅಂತ ಇರುವುದೆಲ್ಲ ಬಂದ್. ನನ್ನದು ಐಎಸ್‌ಒ 200, ಅರ್ಧ ಸೆಕೆಂಡು, ಎಫ್ 8. ವೈಟ್ ಬ್ಯಾಲೆನ್ಸನ್ನೂ ಒಂದೇ ಕಡೆ ನಿಲ್ಲಿಸಬೇಕು. ಫೋಕಸ್ ಕೈಯಲ್ಲೇ ಮಾಡಿ, ಲೆನ್ಸಿನ ಉಂಗುರಕ್ಕೆ ಟೇಪ್ ಸುತ್ತಿ. ತುದಿ ನಮ್ಮ ಕಡೆಗೂ ಆ ಕಡೆಗೂ ಸುತ್ತುವುದರಿಂದ ಎಫ್ 2ರಂತೆ ಪೂರ್ತಿ ತೆರೆದರೆ ಅರ್ಧ ಸುತ್ತು ಮಸುಕು. ಇಷ್ಟಾದರೂ ಸಣ್ಣ ಮಿಣುಕು ಉಳಿದರೆ ಲೆನ್ಸಿನ ತಪ್ಪು. ಪ್ರತಿ ಕ್ಲಿಕ್ಕಿಗೂ ಅದರ ಕಣ್ಣು ಮುಚ್ಚಿ ತೆರೆಯುವಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗುತ್ತದೆ. ಉಂಗುರ ತಿರುಗಿಸಿ ಕಣ್ಣನ್ನು ಒಂದೇ ಅಳತೆಗೆ ನಿಲ್ಲಿಸಿಬಿಡುವ ಹಳೇ ಲೆನ್ಸಿಗೆ, ಮೊಬೈಲಿಗೆ ಈ ಕಾಟ ಇಲ್ಲ.

ಅಲುಗಾಟದ ವಿಷಯದಲ್ಲಿ ನನ್ನ ದಡ್ಡತನ ಹೇಳಿಬಿಡುತ್ತೇನೆ. ಯಾರೂ ಬರಲ್ಲ ಅಂತ ಉಪ್ಪರಿಗೆಯ ಮರದ ಹಾಸಿನ ಮೇಲೆ ಟ್ರೈಪಾಡ್ ಇಟ್ಟಿದ್ದೆ. ಯಾರಾದರೂ ಅಡಿಕೆ ಮೂಟೆ ಎತ್ತಿಕೊಂಡು ಹೋದಾಗಲೆಲ್ಲ ಹಲಗೆ ಬಗ್ಗಿ, ಚಿತ್ರ ಜಿಗಿಯಿತು. ಈಗ ಕೆಳಗಿನ ಗಟ್ಟಿ ನೆಲದಲ್ಲಿ, ಒಂದೇ ದಪ್ಪ ಹಲಗೆಗೆ ಕುಂಡವನ್ನೂ ಕ್ಯಾಮೆರಾವನ್ನೂ ಬಿಗಿದಿದ್ದೇನೆ. ಅಲುಗಿದರೆ ಎರಡೂ ಒಟ್ಟಿಗೆ ಅಲುಗುತ್ತವೆ, ಚಿತ್ರಕ್ಕೆ ಗೊತ್ತೇ ಆಗಲ್ಲ. ನೀರನ್ನು ಮೇಲಿಂದ ಹೊಯ್ಯಬೇಡಿ, ಮಣ್ಣು ಕುಸಿದು ಗಿಡ ಓರೆಯಾಗುತ್ತದೆ. ಕುಂಡದ ಕೆಳಗಿನ ತಟ್ಟೆಗೆ ಹಾಕಿ, ಅದೂ ಒಂದು ಕ್ಲಿಕ್ ಆದ ಕೂಡಲೇ. ಆಗ ಕೈ ತೆಗೆಯಲು ಐದು ನಿಮಿಷ ಇರುತ್ತದೆ.

ಫೋಟೋಗಳಿಗೆ ಸಾಲಾಗಿ ಅಂಕಿ ಕೊಟ್ಟು, ಕಂಪ್ಯೂಟರಿನಲ್ಲಿ ffmpeg ಅನ್ನೋ ತಂತ್ರಾಂಶಕ್ಕೆ ಈ ಆಜ್ಞೆ ಕೊಟ್ಟು ವಿಡಿಯೋ ಆಗಿ ಸೇರಿಸುತ್ತೇನೆ:

```
ffmpeg -framerate 24 -i img_%04d.jpg -vf "deflicker,scale=1080:-2" -c:v libx264 -pix_fmt yuv420p balli.mp4
```

ಇದರಲ್ಲಿ `deflicker` ಅಕ್ಕಪಕ್ಕದ ಫ್ರೇಮುಗಳ ಬೆಳಕನ್ನು ಸರಾಸರಿ ಮಾಡುತ್ತದೆ. ಲೆನ್ಸಿನ ಸಣ್ಣ ಮಿಣುಕು ಇದರಿಂದ ಮಾಯ. ಮೋಡದ ನೆರಳು, ಕರೆಂಟು ಹೋದ ಕಪ್ಪು ಫ್ರೇಮು ಇದರಿಂದ ಹೋಗಲ್ಲ.

ಕೊನೆಗೆ, ಆಸರೆಯ ಕೋಲು. ನಾನು ಅಡಿಕೆ ದಬ್ಬೆಯ ಸಪೂರ ಸೀಳು ನೆಟ್ಟೆ, ತುದಿ ಹಾಕುವ ವೃತ್ತದ ಒಳಗೇ ಬರುವಂತೆ. ಹೊರಗೆ ನೆಟ್ಟರೆ ಬಳ್ಳಿ ಗಾಳಿಯಲ್ಲೇ ತಡಕಾಡುತ್ತದೆ. ಚೌಕಟ್ಟನ್ನು ಗಿಡಕ್ಕಲ್ಲ, ದಬ್ಬೆಯ ಮೇಲ್ತುದಿಗೆ ಸರಿಯಾಗಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ನಾಲ್ಕನೇ ದಿನ ಬಳ್ಳಿ ಚಿತ್ರದಿಂದಲೇ ಆಚೆ ಹೋಗಿರುತ್ತದೆ. ನನ್ನ ವಿಡಿಯೋದಲ್ಲಿ ತುದಿ ಎರಡು ದಿನ ಸುಮ್ನೆ ಸುತ್ತಿ, ಮೂರನೇ ದಿನ ದಬ್ಬೆಗೆ ತಾಗುತ್ತದೆ. ತಾಗಿದ್ದೇ ತಡ, ಮೇಲಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಉಲ್ಟಾ ದಿಕ್ಕಿನಲ್ಲಿ ಸರಸರ ಸುತ್ತಿಕೊಂಡು ಏರುತ್ತದೆ. ಅಮ್ಮ ಅಷ್ಟನ್ನು ಮಾತ್ರ ನಾಲ್ಕು ಸಲ ಹಾಕಿಸಿಕೊಂಡು ನೋಡಿದಳು.