ಎಲ್ಲಿ ಬಿತ್ತು, ಯಾವಾಗ ಬಂತು

"ಸರ್, ಎರಡರಲ್ಲೂ ಅಯಾನು ಕಾಂತಕ್ಷೇತ್ರದಲ್ಲಿ ಸುತ್ತುತ್ತೆ ಅಲ್ವಾ? ಮಾಸ್ ಸ್ಪೆಕ್ಟ್ರೋಮೀಟರಿಗೆ ಮಾತ್ರ ವೇಗ ಆರಿಸಿ ಕಳಿಸ್ಬೇಕು, ಸೈಕ್ಲೋಟ್ರಾನಿಗೆ ಬೇಡ. ಯಾಕೆ?"

ಮಾಸ್ ಸ್ಪೆಕ್ಟ್ರೋಮೀಟರ್ ಅಯಾನುಗಳನ್ನು ಭಾರಕ್ಕೆ ತಕ್ಕಂತೆ ಬೇರ್ಪಡಿಸುವ ಯಂತ್ರ, ಅದು ಅಯಾನು ಎಲ್ಲಿ ಬಿತ್ತು ಅಂತ ನೋಡುತ್ತದೆ. ಸೈಕ್ಲೋಟ್ರಾನ್ ಅಯಾನಿನ ವೇಗ ಏರಿಸುವ ಯಂತ್ರ, ಅದಕ್ಕೆ ಅಯಾನು ಯಾವಾಗ ಬಂತು ಅನ್ನೋದೇ ಮುಖ್ಯ. ಎಲ್ಲಿ ಅನ್ನೋದಕ್ಕೆ ಈ ಸೂತ್ರ, ಯಾವಾಗ ಅನ್ನೋದಕ್ಕೆ ಅದರ ಕೆಳಗಿನದು:

```
r = mv / qB
T = 2πm / qB
```

r ಅಂದರೆ ತ್ರಿಜ್ಯ, T ಒಂದು ಸುತ್ತಿಗೆ ಹಿಡಿಯುವ ಸಮಯ, m ಅಯಾನಿನ ಭಾರ, v ವೇಗ, q ಚಾರ್ಜ್, B ಕಾಂತಕ್ಷೇತ್ರ. ಮೇಲಿನದರಲ್ಲಿ v ಇದೆ, ಕೆಳಗಿನದರಲ್ಲಿ ಇಲ್ಲ. ಬೋರ್ಡಿನ ಮೇಲೆ ಇಷ್ಟು ಬರೆದರೆ ಮಕ್ಕಳು ತಲೆಯಾಡಿಸುತ್ತಾರೆ, ಆದರೆ ಒಪ್ಪಿರುವುದಿಲ್ಲ. ಅದಕ್ಕೇ ನಾನು ನಿಯಾನ್ ಲೆಕ್ಕ ಮಾಡಿಸುತ್ತೇನೆ.

ನಿಯಾನ್ ಅನಿಲದಲ್ಲಿ 20 ತೂಕದ ಪರಮಾಣುಗಳೇ ಜಾಸ್ತಿ, ಜೊತೆಗೆ 22 ತೂಕದವೂ ಇವೆ. ಇವನ್ನು ಬೇರ್ಪಡಿಸಬೇಕು. ಕಾಂತಕ್ಷೇತ್ರ 0.5 ಟೆಸ್ಲಾ, ಅಯಾನಿನ ವೇಗ ಸೆಕೆಂಡಿಗೆ 2 ಲಕ್ಷ ಮೀಟರ್ ಅಂತ ಇಟ್ಟುಕೊಳ್ಳಿ. ಒಂದು ಚಾರ್ಜ್ ಇರುವ ನಿಯಾನ್-20 ಸುಮಾರು 8.3 ಸೆಂ.ಮೀ. ತ್ರಿಜ್ಯದಲ್ಲಿ ತಿರುಗುತ್ತದೆ. ನಿಯಾನ್-22ಕ್ಕೆ ಅದೇ 9.1 ಸೆಂ.ಮೀ. ಅರ್ಧ ಸುತ್ತು ಬಂದು ಫಲಕಕ್ಕೆ ಬಡಿಯುವಾಗ ಎರಡು ಗುರುತುಗಳ ನಡುವೆ ಒಂದೂವರೆ ಸೆಂ.ಮೀ.ಗಿಂತ ಹೆಚ್ಚು ಅಂತರ ಇರುತ್ತದೆ. ಬರಿಗಣ್ಣಿಗೇ ಕಾಣುತ್ತದೆ.

ಈಗ ಒಂದು ನಿಯಾನ್-20 ಅಯಾನು ನೂರಕ್ಕೆ ಹತ್ತರಷ್ಟು ಜಾಸ್ತಿ ವೇಗದಲ್ಲಿ ಬಂತು ಅನ್ನಿ. ಅದರ ತ್ರಿಜ್ಯವೂ 9.1 ಸೆಂ.ಮೀ. ಆಗುತ್ತದೆ. ಸರಿಯಾಗಿ 22ರ ಜಾಗಕ್ಕೇ ಹೋಗಿ ಕೂರುತ್ತದೆ! ಭಾರ ಜಾಸ್ತಿಯೋ ವೇಗ ಜಾಸ್ತಿಯೋ, ಗುರುತು ನೋಡಿ ಹೇಳುವ ಹಾಗೇ ಇಲ್ಲ. ಅನಿಲವನ್ನು ಅಯಾನು ಮಾಡಿದಾಗ ಅವೆಲ್ಲ ಒಂದೇ ವೇಗದಲ್ಲಿ ಹೊರಡುವುದೂ ಇಲ್ಲ.

ಅದಕ್ಕೇ ದಾರಿಯಲ್ಲಿ ಒಂದು ಜರಡಿ ಬೇಕು. 1930ರ ದಶಕದಲ್ಲಿ ಅಮೆರಿಕದ ಕೆನೆತ್ ಬೇನ್‌ಬ್ರಿಜ್ ತಮ್ಮ ಉಪಕರಣದಲ್ಲಿ ಇದನ್ನು ಇಟ್ಟರು. ಎರಡು ಲೋಹದ ತಟ್ಟೆಗಳ ನಡುವೆ ವಿದ್ಯುತ್ ಕ್ಷೇತ್ರ ಅಯಾನನ್ನು ಎಡಕ್ಕೆ ತಳ್ಳಿದರೆ, ಅಡ್ಡಲಾಗಿರುವ ಕಾಂತಕ್ಷೇತ್ರ ಬಲಕ್ಕೆ ತಳ್ಳುತ್ತದೆ. ಎಡದ ತಳ್ಳು qE, ಬಲದ್ದು qvB. ಎರಡೂ ಸಮ ಆಗುವುದು v = E/B ಇದ್ದಾಗ ಮಾತ್ರ. ನಮ್ಮ ಲೆಕ್ಕದ ವೇಗಕ್ಕೆ ತಟ್ಟೆಗಳ ನಡುವೆ ಪ್ರತಿ ಸೆಂಟಿಮೀಟರಿಗೆ 1000 ವೋಲ್ಟ್ ಬೇಕು. ಈ ಜರಡಿ ಯಾರ ವೇಗವನ್ನೂ ಸರಿ ಮಾಡುವುದಿಲ್ಲ, ಇದನ್ನು ಬಹಳ ಮಂದಿ ತಪ್ಪು ತಿಳಿಯುತ್ತಾರೆ. ಜೋರಾಗಿ ಬಂದದ್ದು ಬಲಕ್ಕೆ, ನಿಧಾನ ಬಂದದ್ದು ಎಡಕ್ಕೆ ವಾಲಿ ಗೋಡೆಗೆ ಬಡಿಯುತ್ತದೆ. ನೇರ ಬಂದದ್ದು ಕಿಂಡಿ ದಾಟುತ್ತದೆ.

ಕಿಂಡಿ ಅಗಲ ಆದರೆ ಅಕ್ಕಪಕ್ಕದ ವೇಗದವೂ ನುಸುಳಿ ಗುರುತು ಹರಡುತ್ತದೆ. ತೀರಾ ಸಣ್ಣ ಮಾಡಿದರೆ ಅಯಾನುಗಳೇ ಕಡಿಮೆಯಾಗಿ ಗುರುತು ಮಸುಕಾಗುತ್ತದೆ. ಇನ್ನೊಂದು ತೊಂದರೆಗೆ ಈ ಜರಡಿಯಲ್ಲಿ ಮದ್ದೇ ಇಲ್ಲ. ಎರಡು ಚಾರ್ಜ್ ಇರುವ ಆರ್ಗಾನ್-40 ಕೂಡ 20ರ ಜಾಗದಲ್ಲೇ ಬೀಳುತ್ತದೆ. ಯಂತ್ರಕ್ಕೆ ಕಾಣುವುದು m/q ಮಾತ್ರ, ಬರೀ m ಅಲ್ಲ.

ಸೈಕ್ಲೋಟ್ರಾನಿಗೆ ಬರೋಣ. ಇಲ್ಲಿ ಅಯಾನಿನ ವೇಗ ಬೆಳೆಯುತ್ತಲೇ ಇರಬೇಕು, ಒಂದು ವೇಗ ಆರಿಸಿ ಏನು ಮಾಡೋದು? ಪಂಚಮಿಯ ಜೋಕಾಲಿ ನೆನಪಿಸಿಕೊಳ್ಳಿ. ಸಣ್ಣದಾಗಿ ತೂಗಿದರೂ ಸ್ವಲ್ಪ ದೊಡ್ಡದಾಗಿ ತೂಗಿದರೂ ಹೋಗಿ ಬರುವ ಸಮಯ ಹೆಚ್ಚುಕಡಿಮೆ ಒಂದೇ. ಒಂದೇ ತಾಳದಲ್ಲಿ ತಳ್ಳುತ್ತಿದ್ದರೆ ಸಾಕು. ಇಲ್ಲೂ ಹಾಗೇ. ವೇಗ ಎರಡರಷ್ಟಾದರೆ ಸುತ್ತುವ ದಾರಿಯೂ ಎರಡರಷ್ಟು, ಸಮಯ ಮಾತ್ರ ಅಷ್ಟೇ. 1 ಟೆಸ್ಲಾದಲ್ಲಿ ಪ್ರೋಟಾನ್ ಸೆಕೆಂಡಿಗೆ ಸುಮಾರು 1.5 ಕೋಟಿ ಸುತ್ತು ಹಾಕುತ್ತದೆ, ಒಳಸುತ್ತಿನಲ್ಲಿದ್ದರೂ ಹೊರಸುತ್ತಿನಲ್ಲಿದ್ದರೂ. 'ಡೀ' ಅನ್ನುವ ಎರಡು ಅರ್ಧವೃತ್ತಾಕಾರದ ಟೊಳ್ಳು ಲೋಹದ ಡಬ್ಬಿಗಳ ನಡುವಿನ ಸಂದಿಯ ವೋಲ್ಟೇಜನ್ನು ಅದೇ ತಾಳಕ್ಕೆ ತಿರುಗುಮುರುಗು ಮಾಡುತ್ತಿದ್ದರೆ ಪ್ರತಿ ಸಲ ದಾಟುವಾಗಲೂ ಒಂದು ತಳ್ಳು ಸಿಗುತ್ತದೆ. 1931ರ ಆರಂಭದಲ್ಲಿ ಬರ್ಕ್ಲಿಯಲ್ಲಿ ಲಾರೆನ್ಸ್ ಮತ್ತು ಲಿವಿಂಗ್‌ಸ್ಟನ್ ಅಂಗೈಯಷ್ಟು ಯಂತ್ರದಲ್ಲಿ, 2000 ವೋಲ್ಟಿಗಿಂತ ಕಡಿಮೆ ಬಳಸಿ, ಹೈಡ್ರೋಜನ್ ಅಯಾನುಗಳನ್ನು 80,000 ಎಲೆಕ್ಟ್ರಾನ್ ವೋಲ್ಟ್‌ಗೆ ಏರಿಸಿದ್ದು ಹೀಗೇ.

ಜೋಕಾಲಿಯನ್ನು ತೀರಾ ಮೇಲಕ್ಕೆ ಜೀಕಿದರೆ ತಾಳ ತಪ್ಪುತ್ತದೆ, ಸಮಯ ಜಾಸ್ತಿ ಹಿಡಿಯುತ್ತದೆ. ಸೈಕ್ಲೋಟ್ರಾನಿಗೂ ಅದೇ ಗತಿ, ಕಾರಣ ಮಾತ್ರ ಬೇರೆ. ಇಲ್ಲಿ ಅಡ್ಡ ಬರುವುದು ಸಾಪೇಕ್ಷತೆ. 10 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ತಲುಪಿದ ಪ್ರೋಟಾನ್ ಸುಮಾರು ನೂರಕ್ಕೆ ಒಂದರಷ್ಟು ಭಾರವಾದಂತೆ ವರ್ತಿಸುತ್ತದೆ. ಒಂದರಷ್ಟು ತಾನೇ ಅನ್ನಬೇಡಿ. ಸುತ್ತಿಗೆ ನೂರರಲ್ಲಿ ಒಂದು ಪಾಲು ತಡವಾದರೆ 25 ಸುತ್ತಿನಲ್ಲಿ ಕಾಲು ತಾಳ ಹಿಂದೆ ಬೀಳುತ್ತದೆ. ಆಗ ಸಂದಿಯಲ್ಲಿ ತಳ್ಳೇ ಇರುವುದಿಲ್ಲ. ಆಮೇಲೆ ದಾಟಿದರೆ ಹಿಂದಕ್ಕೆ ಎಳೆತ.

ಆದರೆ ಇದೇ ತಾಳ ತಪ್ಪುವ ಗುಣದಿಂದ ಸೈಕ್ಲೋಟ್ರಾನ್ ತಾನೇ ಒಂದು ಮಾಸ್ ಸ್ಪೆಕ್ಟ್ರೋಮೀಟರ್ ಆಗಬಲ್ಲದು. ಯಾವ m/qಗೆ ಹೊಂದಿಸಿದ್ದೀರೋ ಅದು ಮಾತ್ರ ಕೊನೆಯವರೆಗೆ ಬರುತ್ತದೆ, ಉಳಿದದ್ದು ನಡುವೆಯೇ ಹಿಂದೆ ಬೀಳುತ್ತದೆ. 1939ರಲ್ಲಿ ಬರ್ಕ್ಲಿಯಲ್ಲೇ ಲೂಯಿಸ್ ಆಲ್ವಾರೆಜ್ ಮತ್ತು ರಾಬರ್ಟ್ ಕಾರ್ನಾಗ್ ಸೈಕ್ಲೋಟ್ರಾನನ್ನು ಹೀಲಿಯಂ-3ಕ್ಕೆ ಹೊಂದಿಸಿ, ಮಾಮೂಲಿ ಹೀಲಿಯಂ ಅನಿಲ ಬಿಟ್ಟರು. ಹೀಲಿಯಂ-3 ಬಾಳಿಕೆ ಇಲ್ಲದ್ದು ಅಂತ ಹಲವರು ನಂಬಿದ್ದ ಕಾಲ ಅದು. ಅದರ ಅಯಾನುಗಳು ಹೊರಗೆ ಬಂದವು.